ನಲವತ್ತು ಅಂದ್ರೆ ನಲವತ್ತೇನಾ?

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಸೀಟಿಗೆ ಬರುವಷ್ಟರಲ್ಲಿ ನಿಮಗೊಂದು ಮೇಲ್ ಬಂದಿರುತ್ತೆ. ‘ನಿಮ್ಮ ಈ ವಾರದ ಟೈಮ್‌ಶೀಟ್ ಇನ್ನೂ ತುಂಬಿಲ್ಲ, ದಯವಿಟ್ಟು ಸಂಜೆಯೊಳಗೆ ತುಂಬಿ.’ ನೀವು ಮನಸ್ಸಿನಲ್ಲೇ ಒಂದೆರಡು ಒಳ್ಳೇ ಮಾತು ಬೈದುಕೊಂಡು, ಸೋಮವಾರ ಏನು ಮಾಡಿದ್ದೆ ಅಂತ ನೆನಪಾಗದೆ, ಹೋದ ವಾರದ ಸಾಲುಗಳನ್ನೇ ಕಾಪಿ ಮಾಡಿ, ಒಟ್ಟು 40 ಬಂತಾ ನೋಡಿ, ಸಬ್ಮಿಟ್ ಒತ್ತಿ, ಕಾಫಿಗೆ ಹೋಗುತ್ತೀರಿ. ನಾನು ಆ ಮೇಲ್ ಕಳಿಸುವ ಕಡೆಯವನು. ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಡಿಸೈನ್ ಕಂಪನಿಯಲ್ಲಿ ಪ್ರಾಜೆಕ್ಟ್ ಕಾಸ್ಟಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ನೀವು ಬೈದದ್ದು ನನಗೆ ಗೊತ್ತು. ಬೇಜಾರಿಲ್ಲ. ಆದರೆ ಆ 40ರ ಬಗ್ಗೆ ಸ್ವಲ್ಪ ಮಾತಾಡೋಣ ಅನಿಸುತ್ತೆ. ಯಾಕೆಂದರೆ ಅದನ್ನು ಸರಿಯಾಗಿ ‘ಕೂಡಿಸಿದ’ ಕಾರಣಕ್ಕೇ ನಮ್ಮಲ್ಲಿ ಒಂದು ಒಳ್ಳೆಯ ಗಿರಾಕಿ ಕೈತಪ್ಪಿಹೋಯಿತು, ನಾಲ್ಕು ಜನ ಆರು ತಿಂಗಳು ರಾತ್ರಿ ಕೂತು ದುಡಿದದ್ದು ಯಾವ ಲೆಕ್ಕದಲ್ಲೂ ಕಾಣಲಿಲ್ಲ.

ಮೊದಲು, ಈ 40 ಎಲ್ಲಿಂದ ಬಂತು? ಕಂಪನಿ ನಿಮಗೆ ಕೊಡುವುದು ತಿಂಗಳ ಸಂಬಳ. ಸಂಬಳದ ಖಾತೆಯಲ್ಲಿ ಅದು ಒಂದೇ ಮೊತ್ತ. ಆದರೆ ನೀವು ವಾರದಲ್ಲಿ ಎರಡು ಮೂರು ಪ್ರಾಜೆಕ್ಟುಗಳಿಗೆ ಕೆಲಸ ಮಾಡಿರುತ್ತೀರಿ. ಆ ಒಂದು ಮೊತ್ತವನ್ನು ತುಂಡು ಮಾಡಿ ಯಾವ ಪ್ರಾಜೆಕ್ಟಿನ ತಲೆಗೆ ಎಷ್ಟು ಕಟ್ಟಬೇಕು ಅನ್ನೋದಕ್ಕೆ ಆಧಾರ ನಿಮ್ಮ ಟೈಮ್‌ಶೀಟ್ ಒಂದೇ. ಎಲ್ಲ ತುಂಡುಗಳನ್ನೂ ಮತ್ತೆ ಕೂಡಿಸಿದರೆ ಕಂಪನಿ ನಿಜವಾಗಿ ಕೊಟ್ಟ ಸಂಬಳ ಬರಬೇಕು. ಜಾಸ್ತಿ ಬಂದರೆ ಕೊಡದ ದುಡ್ಡನ್ನು ಖರ್ಚು ಅಂತ ತೋರಿಸಿದ ಹಾಗೆ. ಕಡಿಮೆ ಬಂದರೆ ಕೊಟ್ಟ ದುಡ್ಡು ಎಲ್ಲೋ ಗಾಳಿಯಲ್ಲಿ ತೇಲುತ್ತಿದೆ ಅಂತ. ಹಾಗಾಗಿ ಕಾಸ್ಟ್ ರಿಪೋರ್ಟಿನ ಗಂಟೆಗಳು ಮತ್ತು ಸಂಬಳ ಕೊಟ್ಟ ಗಂಟೆಗಳು ತಾಳೆಯಾಗಬೇಕು ಅನ್ನೋದು ನಿಯಮ. ನಿಯಮ ಸರಿಯಾಗಿಯೇ ಇದೆ. ಪ್ರಶ್ನೆ ಇರೋದು ತಾಳೆ ಮಾಡುವುದು ಹೇಗೆ, ಎಲ್ಲಿ, ಯಾರು ಅನ್ನೋದರಲ್ಲಿ.

ನಮ್ಮಲ್ಲಿ ಅದನ್ನು ಸಾಫ್ಟ್‌ವೇರಿಗೆ ಬಿಟ್ಟಿದ್ದರು. ವಾರದ ಒಟ್ಟು 40 ಇಲ್ಲದಿದ್ದರೆ ಟೈಮ್‌ಶೀಟ್ ಸಬ್ಮಿಟ್ ಆಗುತ್ತಲೇ ಇರಲಿಲ್ಲ. 39 ಹಾಕಿದರೂ ಕೆಂಪು, 41 ಹಾಕಿದರೂ ಕೆಂಪು. ನಾನು ಸೇರುವ ಮುಂಚೆಯೇ ಯಾರೋ ಹಾಕಿಟ್ಟ ನಿಯಮ. ಸಂಬಳದ ವಿಭಾಗದವರಿಗೆ ಇದು ಹಾಲು ಕುಡಿದಷ್ಟು ಸುಖ. ತಿಂಗಳ ಕೊನೆಗೆ ಎಲ್ಲವೂ ತಾನಾಗಿಯೇ ತಾಳೆ.

ಒಂದು ದಿನ ಡಿಸೈನ್ ಟೀಮಿನ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅಪ್ರೈಸಲ್ಲಿಗೆ ತನ್ನ ಆರು ತಿಂಗಳ ಗಂಟೆಗಳ ರಿಪೋರ್ಟ್ ಬೇಕಿತ್ತು. ಪ್ರಿಂಟ್ ತೆಗೆದು ಕೊಟ್ಟೆ. ನೋಡಿ ನಕ್ಕಳು.

“ಸರ್, ಇದ್ರಲ್ಲಿ ನಾನು ಒಂದು ದಿನಾನೂ ಎಂಟು ಗಂಟೆಗಿಂತ ಜಾಸ್ತಿ ಕೆಲ್ಸ ಮಾಡೇ ಇಲ್ಲ.”

“ಮಾಡಿದ್ದಿದ್ರೆ ಹಾಕ್ಬೇಕಿತ್ತಲ್ಲಮ್ಮಾ?”

“ಹಾಕಕ್ಕೆ ಬಿಟ್ರೆ ತಾನೇ ಸರ್? ನಲವತ್ತಕ್ಕಿಂತ ಜಾಸ್ತಿ ಹಾಕಿದ್ರೆ ಅದು ತಗೊಳ್ಳೋದೇ ಇಲ್ಲ. ಮ್ಯಾನೇಜರ್ ಹೇಳಿದ್ರು, ದೊಡ್ಡದಕ್ಕೆ ವಾರಕ್ಕೆ ಇಪ್ಪತ್ತೇ ಬಜೆಟ್, ಅಷ್ಟೇ ಹಾಕಿ ಅಂತ.”

ಅವಳ ಬ್ಯಾಗಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇತ್ತು. ದಿನಾ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಅಂತ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಳು. ಯಾರೂ ಹೇಳಿರಲಿಲ್ಲ, ಅವಳ ಅಭ್ಯಾಸ ಅಷ್ಟೆ. ಆ ನೋಟ್‌ಬುಕ್ಕಿನಿಂದ ಒಂದು ವಾರವನ್ನು ತೆಗೆದುಕೊಂಡು ನಾನು ಲೆಕ್ಕ ಮಾಡಿದೆ. ಅದನ್ನೇ ಇಲ್ಲಿ ಹೇಳುತ್ತೇನೆ. ಅಂಕಿಗಳನ್ನು ಮಾತ್ರ ಲೆಕ್ಕ ಸುಲಭವಾಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಅವಳಿಗಿದ್ದ ಕೋಡುಗಳು ಮೂರು. `P-204`, ಒಂದು ದೊಡ್ಡ ಕಂಪನಿಯ ಕೆಲಸ; ಟೀಮಿನವರೆಲ್ಲ ಅದನ್ನು ‘ದೊಡ್ಡದು’ ಅಂತಲೇ ಕರೆಯೋರು. `P-217`, ಬೆಳಗಾವಿ ಕಡೆಯ ಒಂದು ಫೌಂಡ್ರಿಯ ಕೆಲಸ; ಅದು ‘ಚಿಕ್ಕದು’. ಮೂರನೆಯದು `OH-01`, ಅಂದರೆ ಟ್ರೇನಿಂಗು, ಮೀಟಿಂಗು, ಇಂಟರ್‌ವ್ಯೂ ತೆಗೆದುಕೊಳ್ಳೋದು ಇತ್ಯಾದಿ ಯಾವ ಗಿರಾಕಿಗೂ ಸೇರದ ಕೆಲಸ. ನಾವು ತಮಾಷೆಗೆ ‘ಮನೆಗೆಲಸ’ ಅನ್ನುತ್ತಿದ್ದೆವು. ಆ ವಾರ ಅವಳು ದೊಡ್ಡದಕ್ಕೆ 30 ಗಂಟೆ, ಚಿಕ್ಕದಕ್ಕೆ 15, ಮನೆಗೆಲಸಕ್ಕೆ 5, ಒಟ್ಟು 50 ಗಂಟೆ ದುಡಿದಿದ್ದಳು. ಗೇಟಿನಲ್ಲಿ ಕಾರ್ಡ್ ಒತ್ತಿದ ಲೆಕ್ಕ 55 ಗಂಟೆ. ದಿನಕ್ಕೊಂದು ಗಂಟೆ ಊಟ, ಟೀ ಕಳೆದರೆ ಸರಿಯಾಗಿ 50. ಓವರ್‌ಟೈಮ್ ಇಲ್ಲ, ಸಂಬಳ ಮಾತ್ರ. ಪಿಎಫ್ ಎಲ್ಲ ಸೇರಿ ಅವಳಿಗೆ ಕಂಪನಿ ಮಾಡುತ್ತಿದ್ದ ಖರ್ಚು ವಾರಕ್ಕೆ 20,000 ರೂಪಾಯಿ ಅಂತಿಟ್ಟುಕೊಳ್ಳಿ. 40 ಗಂಟೆಗೆ ಭಾಗಿಸಿದರೆ ಗಂಟೆಗೆ 500.

ಟೈಮ್‌ಶೀಟಿನಲ್ಲಿ ಅವಳು ಬರೆದದ್ದು ದೊಡ್ಡದು 20, ಚಿಕ್ಕದು 15, ಮನೆಗೆಲಸ 5. ಒಟ್ಟು 40, ಹಸಿರು ಬಣ್ಣ, ಸಬ್ಮಿಟ್. ರಿಪೋರ್ಟಿನಲ್ಲಿ ದೊಡ್ಡದರ ಖರ್ಚು 10,000, ಚಿಕ್ಕದರದು 7,500, ಮನೆಗೆಲಸ 2,500. ಕೂಡಿಸಿ: 20,000. ಸಂಬಳಕ್ಕೆ ತಾಳೆ. ಯಾವ ಆಡಿಟರ್ ಬಂದರೂ ಮೊತ್ತದಲ್ಲಿ ತಪ್ಪು ಹುಡುಕಲಾರ.

ಈಗ ಇನ್ನೊಂದು ದಾರಿ ನೋಡಿ. ಅವಳು ಇದ್ದದ್ದನ್ನು ಇದ್ದ ಹಾಗೆ 30, 15, 5 ಅಂತ ಬರೆಯಲಿ. ಕೊಟ್ಟ ಸಂಬಳ 40 ಗಂಟೆಯದು. ಆ 40ನ್ನು ಅವಳು ದುಡಿದ ಪ್ರಮಾಣದಲ್ಲೇ ಹಂಚೋಣ. 50ರಲ್ಲಿ 30 ಅಂದರೆ ಶೇಕಡ 60. 40ರ ಶೇಕಡ 60 ಅಂದರೆ 24. ಹಾಗೆಯೇ ಚಿಕ್ಕದಕ್ಕೆ 12, ಮನೆಗೆಲಸಕ್ಕೆ 4. ಒಟ್ಟು 40, ತಾಳೆ. 500ರಿಂದ ಗುಣಿಸಿದರೆ ದೊಡ್ಡದಕ್ಕೆ 12,000, ಚಿಕ್ಕದಕ್ಕೆ 6,000, ಮನೆಗೆಲಸಕ್ಕೆ 2,000. ಕೂಡಿಸಿ: ಮತ್ತೆ ಅದೇ 20,000.

ಎರಡು ದಾರಿಯಲ್ಲೂ ಮೊತ್ತ ಸರಿ. ಆದರೆ ಮೊದಲನೆಯದರಲ್ಲಿ ಚಿಕ್ಕದರ ತಲೆಗೆ 1,500 ರೂಪಾಯಿ ಹೆಚ್ಚು ಬಿದ್ದಿದೆ, ಅದು ಮಾಡದ ತಪ್ಪಿಗೆ. ಹೇಗೆ? ದೊಡ್ಡದರ 10 ಗಂಟೆಗಳನ್ನು ಅಳಿಸಿ ಹಾಕಿದಿರಿ, ಆದರೆ ಸಂಬಳ ಹಾಗೇ ಇದೆ. ಅಳಿಸಿದ ಗಂಟೆಯ ಪಾಲಿನ ದುಡ್ಡು ಎಲ್ಲಾದರೂ ಹೋಗಬೇಕಲ್ಲ? ಅದು ಪ್ರಾಮಾಣಿಕವಾಗಿ ಬರೆದ ಸಾಲುಗಳ ಮೇಲೆ ಹೋಗಿ ಕೂತಿತು. ಯಾರೂ ಚಿಕ್ಕದಕ್ಕೆ ಒಂದು ಗಂಟೆಯನ್ನೂ ಸುಳ್ಳು ಬರೆದಿಲ್ಲ. ಅಲ್ಲಿ 15 ಗಂಟೆ ನಿಜವಾಗಿಯೂ ದುಡಿದದ್ದು. ಆದರೂ ಅದರ ಖರ್ಚು ಸುಳ್ಳು.

ವಾರಕ್ಕೆ 1,500 ರೂಪಾಯಿ ಏನು ಮಹಾ ಅಂತೀರಾ? ಆ ಟೀಮಿನಲ್ಲಿದ್ದವರು ನಾಲ್ಕು ಜನ, ಕೆಲಸ ನಡೆದದ್ದು 25 ವಾರ, ನಾಲ್ವರದೂ ಹೆಚ್ಚುಕಡಿಮೆ ಇದೇ ಕಥೆ. ಗುಣಿಸಿ ನೋಡಿ. ಒಟ್ಟು ಸಂಬಳ 20 ಲಕ್ಷ. ನಮ್ಮ ರಿಪೋರ್ಟಿನ ಪ್ರಕಾರ ದೊಡ್ಡದರ ಖರ್ಚು 10 ಲಕ್ಷ, ಚಿಕ್ಕದರದು ಏಳೂವರೆ ಲಕ್ಷ. ಬಾಡಿಗೆ, ಕರೆಂಟು, ಲೈಸೆನ್ಸು ಎಲ್ಲ ಸದ್ಯಕ್ಕೆ ಬದಿಗಿಡೋಣ. ದೊಡ್ಡ ಗಿರಾಕಿ ಕೊಟ್ಟದ್ದು ಹನ್ನೊಂದೂವರೆ ಲಕ್ಷ, ಚಿಕ್ಕವರು ಕೊಟ್ಟದ್ದು 7 ಲಕ್ಷ. ಅಂದರೆ ದೊಡ್ಡದರಲ್ಲಿ ಒಂದೂವರೆ ಲಕ್ಷ ಲಾಭ, ಚಿಕ್ಕದರಲ್ಲಿ 50 ಸಾವಿರ ನಷ್ಟ. ಮ್ಯಾನೇಜ್‌ಮೆಂಟ್ ಮೀಟಿಂಗಿನಲ್ಲಿ ಸ್ಕ್ರೀನಿನ ಮೇಲೆ ಬಂದದ್ದು ಇದೇ ಎರಡು ಸಾಲು, ಒಂದು ಹಸಿರು, ಒಂದು ಕೆಂಪು.

ನಿಜವಾದ ಲೆಕ್ಕ? ದೊಡ್ಡದರ ಖರ್ಚು 12 ಲಕ್ಷ, ಅಂದರೆ 50 ಸಾವಿರ ನಷ್ಟ. ಚಿಕ್ಕದರದು 6 ಲಕ್ಷ, ಅಂದರೆ 1 ಲಕ್ಷ ಲಾಭ. ಎರಡು ಸಾಲಿನ ಬಣ್ಣ ಅದಲುಬದಲು.

ಆ ಹುಡುಗಿ ನನ್ನ ಹತ್ತಿರ ಬರುವ ಹೊತ್ತಿಗೆ ಫೌಂಡ್ರಿಯವರಿಗೆ ಪತ್ರ ಹೋಗಿಯಾಗಿತ್ತು, ‘ಈ ದರಕ್ಕೆ ನಮಗೆ ಕಟ್ಟುಬೀಳುತ್ತಿಲ್ಲ, ಮುಂದಿನ ವರ್ಷದಿಂದ ಜಾಸ್ತಿ ಮಾಡಬೇಕಾಗುತ್ತೆ’ ಅಂತ. ಅವರು ಸಭ್ಯರು. ಜಗಳ ಆಡಲಿಲ್ಲ, ಬೇರೆಯವರನ್ನು ನೋಡಿಕೊಂಡರು. ಬಿಲ್ ಕೊಟ್ಟ ಮೂವತ್ತು ದಿನಕ್ಕೆ ಸರಿಯಾಗಿ ದುಡ್ಡು ಹಾಕುತ್ತಿದ್ದ, ನಮಗೆ ಲಾಭ ತರುತ್ತಿದ್ದ ಗಿರಾಕಿ. ನಾವೇ ಕೈಯಾರೆ ಬೀಳ್ಕೊಟ್ಟೆವು. ಇನ್ನೊಂದು ಕಡೆ ದೊಡ್ಡದರ ಎರಡನೇ ಹಂತಕ್ಕೆ ಕೊಟೇಶನ್ ಡ್ರಾಫ್ಟ್ ಆಗಿ ಕೂತಿತ್ತು. ಮೊದಲ ಹಂತ 2,000 ಗಂಟೆಯಲ್ಲಿ ಮುಗಿದಿದೆ ಅಂತ ರೆಕಾರ್ಡ್ ಹೇಳುತ್ತಿದೆಯಲ್ಲ, ಅದಕ್ಕೇ ಮತ್ತೆ 2,000 ಗಂಟೆ. ನಿಜಕ್ಕೂ ಹಿಡಿದದ್ದು 3,000. ಅಂದರೆ ಮುಂದಿನ ಆರು ತಿಂಗಳೂ ಆ ನಾಲ್ವರು ರಾತ್ರಿ ಊಟ ಸ್ವಿಗ್ಗಿಯಲ್ಲೇ ಅಂತ ಕೊಟೇಶನ್ನಿನಲ್ಲೇ ಬರೆದಿಟ್ಟ ಹಾಗೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಪ್ರಮಾಣದಲ್ಲಿ ಹಂಚಿದಾಗ ದೊಡ್ಡದಕ್ಕೆ ಬಂದ ಗಂಟೆ ವಾರಕ್ಕೆ 24, ಒಟ್ಟು 2,400. ಅದು ದುಡ್ಡಿನ ಲೆಕ್ಕಕ್ಕೆ ಸರಿ. ಆದರೆ ಕೊಟೇಶನ್ ಮಾಡುವವನು ಆ 2,400 ನೋಡಿ ಅಂದಾಜು ಹಾಕಿದರೆ ಮತ್ತೆ ಕೆಟ್ಟ. ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋ ಪ್ರಶ್ನೆಗೆ ಉತ್ತರ 3,000. ಅದಕ್ಕೆ ಎಷ್ಟು ಸಂಬಳ ಹೋಯಿತು ಅನ್ನೋ ಪ್ರಶ್ನೆಗೆ ಉತ್ತರ 2,400 ಗಂಟೆಯ ದುಡ್ಡು. ಪ್ರಶ್ನೆ ಎರಡು, ಕಾಲಂ ಎರಡು ಬೇಕು. ‘ದುಡಿದ ಗಂಟೆ’ ಒಂದು, ‘ಖರ್ಚು ಹಾಕಿದ ಗಂಟೆ’ ಇನ್ನೊಂದು. ಮೊದಲನೆಯದನ್ನು ದುಡಿದವರು ತುಂಬಬೇಕು, ಯಾವ ಮಿತಿಯೂ ಇರಬಾರದು. ಎರಡನೆಯದನ್ನು ನಮ್ಮ ಕಡೆಯವರು ಲೆಕ್ಕ ಹಾಕಬೇಕು, ಅದು ಪೈಸೆ ಬಿಡದೆ ತಾಳೆಯಾಗಬೇಕು. ನಮ್ಮಲ್ಲಿ ಆದದ್ದೇನು ಅಂದರೆ, ಎರಡನೆಯದರ ನಿಯಮವನ್ನು ಯಾರೋ ಮೊದಲನೆಯದರ ಬಾಗಿಲಿಗೆ ಕಾವಲು ಹಾಕಿದ್ದರು.

ಇದು ನಾನು ಕಂಡುಹಿಡಿದದ್ದೇನಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಕಾಂಟ್ರಾಕ್ಟುಗಳನ್ನು ಆಡಿಟ್ ಮಾಡುವ ಡಿಸಿಎಎ ಅನ್ನೋ ಸಂಸ್ಥೆ ಕಾಂಟ್ರಾಕ್ಟರುಗಳಿಂದ ಕೇಳುವುದು ಇದನ್ನೇ. ನೌಕರ ತನ್ನ ಗಂಟೆಗಳನ್ನು ತಾನೇ, ದಿನಾ ಬರೆಯಬೇಕು. ಸಂಬಳ ಸಿಗಲಿ ಬಿಡಲಿ, ದುಡಿದ ಎಲ್ಲ ಗಂಟೆಯನ್ನೂ ಬರೆಯಬೇಕು. ಆಮೇಲೆ ತಿದ್ದಿದರೆ ತಿದ್ದಿದ್ದು ಕಾಣಬೇಕು. ಅವರ ಭಯಕ್ಕೆ ಕಾರಣ ಇದೆ. ಒಬ್ಬನೇ ಮನುಷ್ಯ ಒಂದು ಸರ್ಕಾರಿ ಕೆಲಸ, ಒಂದು ಖಾಸಗಿ ಕೆಲಸ ಎರಡನ್ನೂ ಮಾಡುತ್ತಿದ್ದರೆ, ಖಾಸಗಿ ಕೆಲಸದ ಹೆಚ್ಚಿನ ಗಂಟೆಗಳನ್ನು ಅಳಿಸಿಬಿಟ್ಟು ಅದರ ಭಾರವನ್ನು ಸರ್ಕಾರದ ಮೇಲೆ ಹೊರಿಸಬಹುದು. ನಮ್ಮ ಫೌಂಡ್ರಿಗೆ ಆದದ್ದೂ ಅದೇ, ಬೇಕಂತ ಯಾರೂ ಮಾಡಿರಲಿಲ್ಲ ಅಷ್ಟೆ.

ಸರಿ, ಹಂಚುವುದನ್ನು ಎಕ್ಸೆಲ್ಲಿನಲ್ಲಿ ಮಾಡೋದು ಕಷ್ಟವಿಲ್ಲ. ಒಬ್ಬರ ಮೂರು ಕೋಡುಗಳ ಗಂಟೆಗಳು `B2`, `C2`, `D2`ನಲ್ಲಿವೆ, ಸಂಬಳದ ಗಂಟೆ `E2`ನಲ್ಲಿದೆ ಅಂದರೆ ಹೀಗೆ:

```
F2: =ROUND(B2/SUM($B2:$D2)*$E2,2)
G2: =ROUND(C2/SUM($B2:$D2)*$E2,2)
H2: =$E2-F2-G2
```

ಮೂರನೇ ಸಾಲು ಯಾಕೆ ಬೇರೆ ಥರ ಇದೆ ಅಂತ ಕೇಳಿ. ಒಬ್ಬ ಮೂರು ಪ್ರಾಜೆಕ್ಟಿಗೂ ಸಮವಾಗಿ 15, 15, 15 ಗಂಟೆ ದುಡಿದ ಅನ್ನಿ. 40ನ್ನು ಮೂರು ಪಾಲು ಮಾಡಿದರೆ 13.33, 13.33, 13.33. ಕೂಡಿಸಿದರೆ 39.99. ಗಂಟೆಯ ನೂರರಲ್ಲೊಂದು ಪಾಲು ನಾಪತ್ತೆ. ಮೂರೂ ಪಾಲಿಗೆ ಒಂದೇ ಸೂತ್ರ ಹಾಕಿದರೆ ಇನ್ನೂರು ಜನರ ಕಂಪನಿಯಲ್ಲಿ ತಿಂಗಳ ಕೊನೆಗೆ ಅಲ್ಲೊಂದು ಚೂರು ಇಲ್ಲೊಂದು ಚೂರು ಉಳಿದು, ರಾತ್ರಿ ಹನ್ನೊಂದಾದರೂ ರಿಪೋರ್ಟ್ ತಾಳೆಯಾಗದೆ ಕೂತಿರುತ್ತೀರಿ. ಅದಕ್ಕೇ ಕೊನೆಯ ಪಾಲನ್ನು ಗುಣಾಕಾರದಿಂದ ಅಲ್ಲ, ಕಳೆದು ತೆಗೆಯಬೇಕು. ಆ ಕೊನೆಯ ಪಾಲು ಮೂರರಲ್ಲಿ ದೊಡ್ಡದಾಗಿದ್ದರೆ ಒಳ್ಳೇದು; ಚೂರು ಹೆಚ್ಚುಕಡಿಮೆಯಾದರೂ ಅದಕ್ಕೆ ಗೊತ್ತಾಗುವುದಿಲ್ಲ.

ರಜೆಯನ್ನು ಮಾತ್ರ ಈ ಹಂಚಿಕೆಯೊಳಗೆ ಸೇರಿಸಬೇಡಿ. ರಜೆ ಒಂದು ದಿನ ಅಂದರೆ 8 ಗಂಟೆ, ಅದು ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ. ಒಬ್ಬಳು ಸೋಮವಾರ ರಜೆ ಹಾಕಿ, ಉಳಿದ ನಾಲ್ಕು ದಿನದಲ್ಲಿ ಒಂದು ಕೋಡಿಗೆ 24, ಇನ್ನೊಂದಕ್ಕೆ 12, ಒಟ್ಟು 36 ಗಂಟೆ ದುಡಿದಳು ಅನ್ನಿ. ಮೊದಲು 40ರಲ್ಲಿ ರಜೆಯ 8 ತೆಗೆದಿಡಿ. ಉಳಿದ 32ನ್ನು ಮಾತ್ರ 24ಕ್ಕೆ 12ರ ಪ್ರಮಾಣದಲ್ಲಿ ಹಂಚಿ: 21.33 ಮತ್ತು 10.67. ರಜೆಯನ್ನೂ ಸೇರಿಸಿ ಕುಗ್ಗಿಸಿದರೆ ಅವಳು ಒಂದು ದಿನಕ್ಕಿಂತ ಕಡಿಮೆ ರಜೆ ತೆಗೆದುಕೊಂಡಳು ಅಂತ ಆಗಿ, ರಜೆಯ ಲೆಕ್ಕ ಇಡುವ ಎಚ್‌ಆರ್‌ನವರ ಜೊತೆ ಇನ್ನೊಂದು ಹೊಸ ಜಗಳ ಶುರು.

ಇನ್ನೊಂದು ಎಚ್ಚರ. ಈ ಹಂಚಿಕೆ 40ಕ್ಕಿಂತ ಜಾಸ್ತಿ ದುಡಿದವರನ್ನು ಕುಗ್ಗಿಸೋದಕ್ಕೆ. ಯಾರಾದರೂ 36 ಬರೆದು ಸುಮ್ಮನಾದರೆ ಅದನ್ನು ಸೂತ್ರಕ್ಕೆ ಹಾಕಿ 40ಕ್ಕೆ ಹಿಗ್ಗಿಸಬಾರದು. ಸೂತ್ರ ಬೇಡ ಅನ್ನುವುದಿಲ್ಲ, ಮಾಡಿಬಿಡುತ್ತೆ. ಆದರೆ ಆ 4 ಗಂಟೆ ಎಲ್ಲಿ ಹೋಯಿತು? ಅರ್ಧ ದಿನ ರಜೆ ಹಾಕಲು ಮರೆತರಾ, ಮನೆಗೆಲಸದ ಕೋಡಿನಲ್ಲಿ ಬರೆಯಬೇಕಾದ ಟ್ರೇನಿಂಗಾ? ಅದು ಗೊತ್ತಿರೋದು ಅವರಿಗೆ ಮಾತ್ರ. ಫೋನ್ ಮಾಡಿ ಕೇಳಬೇಕು.

ಹಾಗೆ ಕೇಳುವ ಮುಂಚೆ, ವ್ಯತ್ಯಾಸದ ಅಂಕಿಯನ್ನೇ ಒಮ್ಮೆ ಸರಿಯಾಗಿ ನೋಡಬೇಕು. ಈ ಕೆಲಸದಲ್ಲಿ ಕೆಲವು ವರ್ಷ ಕೂತರೆ ಅಂಕಿಯೇ ಮಾತಾಡುತ್ತೆ. ವ್ಯತ್ಯಾಸ 0.01, 0.02 ಹೀಗಿದ್ದರೆ ಅದು ದಶಾಂಶ ಸರಿಹೊಂದಿಸಿದ್ದರಿಂದ ಬಂದದ್ದು, ಯಾರನ್ನೂ ಕೇಳುವ ಅಗತ್ಯವಿಲ್ಲ. 8, 16, 24 ಅಂದರೆ ರಜೆ. ಒಂದೋ ಸಂಬಳದಲ್ಲಿ ಕಟ್ಟಾಗಿದೆ ಟೈಮ್‌ಶೀಟಿನಲ್ಲಿಲ್ಲ, ಇಲ್ಲ ಹಬ್ಬದ ದಿನಕ್ಕೆ ಸಿಸ್ಟಮ್ಮೂ 8 ಹಾಕಿದೆ, ಇವರೂ 8 ಹಾಕಿದ್ದಾರೆ. ಒಬ್ಬರದೇ ಹೆಸರಿನಲ್ಲಿ ವಾರವಾರವೂ ಅದೇ 5 ಗಂಟೆ ವ್ಯತ್ಯಾಸ ಬರುತ್ತಿದ್ದರೆ ತಪ್ಪು ಅವರದಲ್ಲ. ಅವರ ಒಪ್ಪಂದ 45 ಗಂಟೆಯದು, ನಮ್ಮ ಮಾಸ್ಟರಿನಲ್ಲಿ 40 ಅಂತ ಇದೆ, ಅಥವಾ ಉಲ್ಟಾ.

ಇನ್ನು ಒಂದು ತಿಂಗಳು ಕಡಿಮೆ ಬಂದು ಮುಂದಿನ ತಿಂಗಳು ಅಷ್ಟೇ ಜಾಸ್ತಿ ಬಂದರೆ ಅದು ಕ್ಯಾಲೆಂಡರಿನ ಆಟ. 2025ರ ಜೂನ್ 30 ಸೋಮವಾರ. ಆ ವಾರದ ಒಂದು ದಿನ ಜೂನಿಗೆ, ನಾಲ್ಕು ದಿನ ಜುಲೈಗೆ. ಸಂಬಳ ತಿಂಗಳ ಲೆಕ್ಕ, ಟೈಮ್‌ಶೀಟ್ ವಾರದ ಲೆಕ್ಕ. ವಾರದ ಟೈಮ್‌ಶೀಟ್ ಅಪ್ರೂವ್ ಆಗೋದು ಜುಲೈ 4ರ ಶುಕ್ರವಾರ. ನೀವು ಇಡೀ ವಾರವನ್ನು ಜುಲೈಗೆ ಹಾಕಿದರೆ ಜೂನ್‌ನಲ್ಲಿ ತಲೆಗೆ 8 ಗಂಟೆ ಕಡಿಮೆ, ಜುಲೈನಲ್ಲಿ ತಲೆಗೆ 8 ಜಾಸ್ತಿ. ಇನ್ನೂರು ಜನಕ್ಕೆ 1,600 ಗಂಟೆ! ಇದನ್ನು 8ರ ಗುಣಕ ಅಂತ ರಜೆಯಲ್ಲಿ ಹುಡುಕುತ್ತಾ ಕೂತರೆ ದಿನವೆಲ್ಲಾ ಹೋಗುತ್ತೆ. ಎಲ್ಲರಿಗೂ ಒಂದೇ ಸಲ ಬಂದಿದೆಯಾ ಅಂತ ಮೊದಲು ನೋಡಬೇಕು. ಮದ್ದು ಸರಳ: ಟೈಮ್‌ಶೀಟನ್ನು ವಾರಕ್ಕೊಮ್ಮೆ ಸಬ್ಮಿಟ್ ಮಾಡಿದರೂ ಒಳಗಿನ ಗಂಟೆಗಳು ದಿನದ ಲೆಕ್ಕದಲ್ಲೇ ಇರಬೇಕು, ಆಗ ಎಲ್ಲಿ ಬೇಕಾದರೂ ಕತ್ತರಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಈ ಹಂಚಿಕೆ ಎಲ್ಲಿ ನಡೆಯೋದಿಲ್ಲ ಅನ್ನೋದನ್ನೂ ಹೇಳಬೇಕು. ನಮ್ಮಲ್ಲಿ ಟೆಸ್ಟಿಂಗ್ ಶೆಡ್ಡಿನ ಟೆಕ್ನೀಶಿಯನ್ನುಗಳಿಗೆ ಗಂಟೆ ಲೆಕ್ಕದಲ್ಲಿ ಓವರ್‌ಟೈಮ್ ಕೊಡುತ್ತಾರೆ. ಅವರು 50 ಗಂಟೆ ದುಡಿದರೆ ಸಂಬಳದ ಗಂಟೆಯೇ 50. ಕುಗ್ಗಿಸುವ ಮಾತೇ ಇಲ್ಲ, ಗಂಟೆಗೆ ಗಂಟೆ ತಾಳೆಯಾಗಬೇಕು. ತಿಂಗಳ ಸಂಬಳದವರಲ್ಲಿ ತಾಳೆಯಾಗಬೇಕಾದದ್ದು ರೂಪಾಯಿ, ಗಂಟೆ ಕೂಲಿಯವರಲ್ಲಿ ಗಂಟೆಯೂ ರೂಪಾಯಿಯೂ ಎರಡೂ. ಇಬ್ಬರನ್ನೂ ಒಂದೇ ಶೀಟಿನಲ್ಲಿ ಒಂದೇ ಸೂತ್ರಕ್ಕೆ ಹಾಕಿದ ಕಂಪನಿಗಳಲ್ಲಿ ಟೆಕ್ನೀಶಿಯನ್ನಿನ ಓವರ್‌ಟೈಮ್ ದುಡ್ಡು ಯಾವ ಪ್ರಾಜೆಕ್ಟಿಗೂ ಹತ್ತದೆ ಮನೆಗೆಲಸದ ಕೋಡಿನಲ್ಲಿ ಬಂದು ಬಿದ್ದಿರುತ್ತೆ.

ಇನ್ನೊಂದು ಮಿತಿ ಇನ್ನೂ ದೊಡ್ಡದು. ಹಳೆಯ ಆರು ತಿಂಗಳನ್ನು ಸರಿಮಾಡಿ ಅಂತ ನನಗೆ ಹೇಳಿದರು. ಗೇಟಿನ ರೆಕಾರ್ಡಿನಿಂದ ಯಾರು ಒಟ್ಟು ಎಷ್ಟು ಹೊತ್ತು ಒಳಗಿದ್ದರು ಅನ್ನೋದು ಸಿಕ್ಕಿತು. ಆದರೆ ಒಳಗೆ ಕೂತು ಯಾವ ಪ್ರಾಜೆಕ್ಟಿನ ಫೈಲ್ ತೆರೆದಿದ್ದರು ಅನ್ನೋದು ಗೇಟಿಗೆ ಹೇಗೆ ಗೊತ್ತಾಗುತ್ತೆ? ಆ ಹುಡುಗಿಯ ನೋಟ್‌ಬುಕ್ ಒಂದಿತ್ತು. ಉಳಿದ ಮೂವರನ್ನು ಕೂರಿಸಿ, ಗೇಟಿನ ಒಟ್ಟು ಲೆಕ್ಕವನ್ನೂ ಡ್ರಾಯಿಂಗುಗಳ ತಾರೀಖನ್ನೂ ಮುಂದಿಟ್ಟು, ರಾತ್ರಿ ಕೂತದ್ದೆಲ್ಲ ದೊಡ್ಡದಕ್ಕೇ ಅಂತ ನೆನಪಿನಿಂದ ಬರೆಸಿದೆವು. ಅದು ಅಂದಾಜು. ಅಂದಾಜು ಅಂತಲೇ ರಿಪೋರ್ಟಿನಲ್ಲಿ ಬರೆದೆ. ಹಳೆಯ ಸಾಲುಗಳನ್ನು ಅಳಿಸಲಿಲ್ಲ. ಅವುಗಳ ಕೆಳಗೆ ಒಂದು ಕೋಡಿಗೆ ಕೂಡಿ, ಇನ್ನೊಂದಕ್ಕೆ ಕಳೆದು, ತಾರೀಖು ಮತ್ತು ಕಾರಣ ಹಾಕಿ ಹೊಸ ಸಾಲು ಸೇರಿಸಿದೆ. ಎರಡರ ಮೊತ್ತ ಸೊನ್ನೆ, ಸಂಬಳದ ತಾಳೆ ಕದಲಲಿಲ್ಲ. ಶುಕ್ರವಾರ ಸಂಜೆ ಕೂತು ಸೋಮವಾರವನ್ನು ನೆನಪಿಸಿಕೊಳ್ಳುವುದೇ ಕಷ್ಟ. ಆರು ತಿಂಗಳ ಹಿಂದಿನ ಸೋಮವಾರ ಯಾರಿಗೆ ನೆನಪಿರುತ್ತೆ? ದಿನಾ ಬರೆಯಿರಿ ಅಂತ ನಾವು ಪೀಡಿಸುವುದಕ್ಕೆ ಇರುವ ಕಾರಣ ಇಷ್ಟೇ.

ಎರಡನೇ ಹಂತದ ಕೊಟೇಶನ್ ಬದಲಾಯಿತು. 3,000 ಗಂಟೆ ಅಂತ ಹಾಕಿದ್ದಕ್ಕೆ ದೊಡ್ಡ ಗಿರಾಕಿ ಹೌಹಾರಿದರು. ‘ಹೋದ ಸಲ ಎರಡು ಸಾವಿರದಲ್ಲಿ ಮಾಡಿದ್ರಲ್ಲ?’ ಅಂದರು. ಅವರ ತಪ್ಪಿಲ್ಲ, ನಾವೇ ಕೊಟ್ಟ ಲೆಕ್ಕ ಅದು. ಕೆಲವು ಕೆಲಸ ಪಟ್ಟಿಯಿಂದ ತೆಗೆದು 2,600ಕ್ಕೆ ಒಪ್ಪಂದವಾಯಿತು. ಫೌಂಡ್ರಿಯವರಿಗೆ ಫೋನ್ ಮಾಡಿದ್ದರಂತೆ. ಅವರು ಹೊಸಬರ ಜೊತೆ ಎರಡು ವರ್ಷಕ್ಕೆ ಸಹಿ ಹಾಕಿಯಾಗಿತ್ತು.

ಸಾಫ್ಟ್‌ವೇರಿನ 40ರ ಬೇಲಿ ತೆಗೆಸಲು ಒಂದು ತಿಂಗಳು ಹಿಡಿಯಿತು. ಈಗ ಎಷ್ಟು ಬೇಕಾದರೂ ಬರೆಯಬಹುದು. 40ಕ್ಕೆ ತರುವುದು ನಮ್ಮ ಕಡೆಯ ಶೀಟಿನ ಕೆಲಸ. ಹೊಸ ರಿಪೋರ್ಟಿನಲ್ಲಿ ಒಂದು ಕಾಲಂ ಜಾಸ್ತಿಯಾಗಿದೆ: ದುಡಿದ ಗಂಟೆಯಿಂದ ಸಂಬಳದ ಗಂಟೆ ಕಳೆದರೆ ಉಳಿಯುವುದು. ಮೊದಲ ತಿಂಗಳು ಅದು ಸ್ಕ್ರೀನಿನ ಮೇಲೆ ಬಂದಾಗ ಮೀಟಿಂಗಿನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, “ಮೊತ್ತ ಹೇಗೂ ತಾಳೆ ಆಗ್ತಿದೆಯಲ್ರೀ, ಈ ಕಾಲಂ ತೋರಿಸ್ಲೇಬೇಕಾ?”

“ಈ ಕಾಲಂ ತೆಗೆದ್ರೂ ತಾಳೆ ಆಗುತ್ತೆ ಸರ್. ಹೋದ ವರ್ಷವೂ ಆಗಿತ್ತು,” ಅಂದೆ.

ಕಾಲಂ ಇನ್ನೂ ಇದೆ.